ತಲೆಬರಹವೇ ಗೋಡೆ: ಎರಡು ಅಂಕಣದ ಸುದ್ದಿಪತ್ರದ ಪುಟ ಕಟ್ಟುವ ಬಗೆ

ನಮ್ಮ ಬಡಾವಣೆಯ ವಾಚನಾಲಯದ ಸುದ್ದಿಪತ್ರದ ಮೊದಲ ಕರಡನ್ನು ನಿವೃತ್ತ ಮೇಷ್ಟ್ರೊಬ್ಬರ ಕೈಗೆ ಕೊಟ್ಟಿದ್ದೆ. ಎಡ ಅಂಕಣವನ್ನು ಮೇಲಿನಿಂದ ಕೆಳಕ್ಕೆ ಓದುತ್ತ ಬಂದವರು ನಡುವೆ ತಡೆದು ನಿಂತರು. "ಮಳೆನೀರಿನ ತೊಟ್ಟಿಯ ವಿಷಯ ಓದುತ್ತಿದ್ದೆ, ಮುಂದಿನ ಸಾಲಿನಲ್ಲಿ ಮಕ್ಕಳ ಬೇಸಿಗೆ ಶಿಬಿರ ಬಂತಲ್ಲ" ಎಂದರು. ಎರಡನೇ ಲೇಖನದ ತಲೆಬರಹ ಬಲ ಅಂಕಣದ ಮೇಲೆ ಮಾತ್ರ ಇತ್ತು. ಎಡಗಡೆ ಅದರ ಪಠ್ಯ ಯಾವ ಗುರುತೂ ಇಲ್ಲದೆ ಹಿಂದಿನ ಲೇಖನಕ್ಕೆ ಅಂಟಿಕೊಂಡಿತ್ತು. ತಪ್ಪು ಓದಿದವರದ್ದಲ್ಲ, ಪುಟ ಕಟ್ಟಿದ ನನ್ನದು.

ಪುಟದ ಅಗಲಕ್ಕೂ ಹರಡಿದ ತಲೆಬರಹ ಒಂದು ಗೋಡೆ. ಅದರ ಮೇಲಿನ ಲೇಖನ ಅಲ್ಲಿಗೆ ಮುಗಿಯಬೇಕು, ಕೆಳಗಿನದು ಅಲ್ಲಿಂದಲೇ ಶುರುವಾಗಬೇಕು. ಓದುಗನ ಕಣ್ಣು ಎಡ ಅಂಕಣದಲ್ಲಿ ಗೋಡೆಯವರೆಗೆ ಇಳಿದು, ಬಲ ಅಂಕಣದ ತಲೆಗೆ ಏರಿ, ಮತ್ತೆ ಗೋಡೆಯವರೆಗೆ ಇಳಿಯುತ್ತದೆ. ಎರಡೂ ಅಂಕಣ ಒಂದೇ ಎತ್ತರದಲ್ಲಿ ಗೋಡೆಯನ್ನು ಮುಟ್ಟಿದರೆ ಮಾತ್ರ ಈ ಏರಿಳಿತ ಸಲೀಸು. ಆದ್ದರಿಂದ ಅಂಕಣಗಳನ್ನು ಸಮ ಮಾಡುವುದು ಅಂದಕ್ಕಾಗಿ ಮಾತ್ರವಲ್ಲ, ಓದಿನ ದಾರಿ ತಪ್ಪದಿರಲಿ ಎಂಬುದಕ್ಕಾಗಿ.

ಈ ಕೆಲಸಕ್ಕೆ ನಾನು ಬಳಸುವುದು ಲಿಬ್ರೆಆಫೀಸ್ ರೈಟರ್. ಉಚಿತವಾಗಿ ಸಿಗುತ್ತದೆ, ಯುನಿಕೋಡ್ ಕನ್ನಡವನ್ನು ಸರಿಯಾಗಿ ಕೂರಿಸುತ್ತದೆ, ನಾಲ್ಕರಿಂದ ಎಂಟು ಪುಟದ ಪತ್ರಿಕೆಗೆ ಸಾಕು. ಮೆನುವಿನ ಹೆಸರುಗಳನ್ನು ಪರದೆಯ ಮೇಲೆ ಕಾಣುವಂತೆಯೇ ಕೊಟ್ಟಿದ್ದೇನೆ.

ಬಂದ ಬರಹವನ್ನು ತೊಳೆದುಕೊಳ್ಳುವುದು

ಲೇಖನಗಳು ನಾನಾ ವೇಷದಲ್ಲಿ ಬರುತ್ತವೆ. ಒಬ್ಬರು ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಕಳುಹಿಸುತ್ತಾರೆ, ಇನ್ನೊಬ್ಬರು ವರ್ಡ್ ಕಡತ ಕೊಡುತ್ತಾರೆ, ಮತ್ತೊಬ್ಬರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಕಳುಹಿಸುತ್ತಾರೆ. ಹಳೆಯ ಫಾಂಟಿನ ಬರಹವನ್ನು ಮೊದಲು ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಬದಲಿಸಿದ ಮೇಲೆ ಎರಡು ಕಡೆ ಕಣ್ಣಿಡಿ. ಒಂದು ಅರ್ಕಾವತ್ತು: ‘ಕಾರ್ಯ’, ‘ವರ್ಷ’ದಂಥ ಪದಗಳಲ್ಲಿ ಅದು ಪಕ್ಕದ ಅಕ್ಷರಕ್ಕೆ ಜಾರಿದ್ದರೆ ಓದುವಾಗ ತಕ್ಷಣ ಗೊತ್ತಾಗುತ್ತದೆ. ಇನ್ನೊಂದು ಸೊನ್ನೆ: ಕೆಲವರು ಅನುಸ್ವಾರದ ಬದಲು ಅಂಕಿಯ ಸೊನ್ನೆಯನ್ನೇ ಒತ್ತಿರುತ್ತಾರೆ. ಕಣ್ಣಿಗೆ ಎರಡೂ ಒಂದೇ ಥರ ಕಂಡರೂ ಹುಡುಕುವಾಗ ಆ ಪದ ಸಿಗುವುದಿಲ್ಲ.

ಪ್ರತಿ ಲೇಖನವನ್ನೂ Ctrl+Alt+Shift+V ಒತ್ತಿ ಅಂಟಿಸಿ. ಆಗ ಬರಹ ಮಾತ್ರ ಬರುತ್ತದೆ, ಅದರ ಜೊತೆಗಿದ್ದ ಬಣ್ಣ, ಗಾತ್ರ, ಅಂತರ ಬರುವುದಿಲ್ಲ. ಉಳಿಯುವ ಕೊಳೆ ಮೂರು ಬಗೆಯದು: ಪ್ಯಾರಾಗಳ ನಡುವಿನ ಖಾಲಿ ಸಾಲುಗಳು, ಪದಗಳ ನಡುವೆ ಎರಡು ಮೂರು ಸಲ ಒತ್ತಿದ ಸ್ಪೇಸ್, ಮತ್ತು ಪ್ಯಾರಾ ಮುಗಿಸಲು ಎಂಟರ್ ಬದಲು ಶಿಫ್ಟ್-ಎಂಟರ್ ಒತ್ತಿ ಮಾಡಿದ ಸಾಲುಗಳು. Edit > Find and Replace ತೆರೆದು, Regular expressions ಗುರುತು ಹಾಕಿ, ಈ ಮೂರನ್ನೂ ಇದೇ ಕ್ರಮದಲ್ಲಿ ಹುಡುಕಿ ಬದಲಿಸಿ:

```
Find: \n       Replace: \n
Find: " +"     Replace: " "
Find: ^$       Replace: 
```

ಎರಡನೇ ಸಾಲಿನಲ್ಲಿ ಉದ್ಧರಣ ಚಿಹ್ನೆಗಳನ್ನು ಟೈಪ್ ಮಾಡಬೇಡಿ. ಒಳಗೆ ಸ್ಪೇಸ್ ಇದೆ ಎಂದು ತೋರಿಸಲು ಹಾಕಿದ್ದೇನೆ. ಮೊದಲ ಸಾಲು ವಿಚಿತ್ರವಾಗಿ ಕಂಡರೂ ಸರಿಯೇ. ಹುಡುಕುವ ಪೆಟ್ಟಿಗೆಯಲ್ಲಿ `\n` ಎಂದರೆ ಶಿಫ್ಟ್-ಎಂಟರ್, ಬದಲಿಸುವ ಪೆಟ್ಟಿಗೆಯಲ್ಲಿ ಅದೇ ಗುರುತಿಗೆ ನಿಜವಾದ ಪ್ಯಾರಾ ಎಂದು ಅರ್ಥ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಶಿಫ್ಟ್-ಎಂಟರ್ ಉಳಿದ ಪ್ಯಾರಾವನ್ನು ಎರಡೂ ಅಂಚಿಗೆ ಹೊಂದಿಸಿದಾಗ ಮೂರೇ ಪದವಿರುವ ಸಾಲು ಅಂಕಣದ ಅಗಲಕ್ಕೂ ಹಿಗ್ಗಿ ನಿಲ್ಲುವುದುಂಟು. ಖಾಲಿ ಸಾಲುಗಳ ಕಾಟ ಇನ್ನೂ ಹೆಚ್ಚು. ಒಂದು ಖಾಲಿ ಸಾಲು ಅಂಕಣದ ತಲೆಗೆ ಬಂದು ಕುಳಿತರೆ ಬಲ ಅಂಕಣ ಎಡಕ್ಕಿಂತ ಒಂದು ಸಾಲು ಕೆಳಗೆ ಶುರುವಾಗುತ್ತದೆ.

ಪುಟದ ಲೆಕ್ಕ

ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಎತ್ತರ. ಎಡಬಲಕ್ಕೆ 17 ಮಿ.ಮೀ. ಅಂಚು ಬಿಟ್ಟರೆ 176 ಮಿ.ಮೀ. ಅಗಲ ಉಳಿಯುತ್ತದೆ. ಅಂಕಣಗಳ ನಡುವೆ 8 ಮಿ.ಮೀ. ತೆಗೆದರೆ ತಲಾ 84 ಮಿ.ಮೀ. ಅಗಲದ ಎರಡು ಅಂಕಣ.

ಮೂರು ಅಂಕಣ ಯಾಕಿಲ್ಲ ಎಂದು ಕೇಳುವವರಿದ್ದಾರೆ. ಇಂಗ್ಲಿಷ್ ಸುದ್ದಿಪತ್ರಗಳಲ್ಲಿ ಮೂರು ಅಂಕಣ ಚೆನ್ನಾಗಿಯೇ ಕಾಣುತ್ತವೆ, ಅಲ್ಲಿ ಪದಗಳು ಚಿಕ್ಕವು. ನಮ್ಮಲ್ಲಿ ವಿಭಕ್ತಿ, ಸಂಧಿ, ಸಮಾಸ ಎಲ್ಲ ಸೇರಿ ಪದ ಉದ್ದವಾಗುತ್ತದೆ. ‘ಗ್ರಂಥಾಲಯದವರೊಂದಿಗೆ’ ಎಂಬುದು ಒಂದೇ ಪದ. ಮೂರು ಅಂಕಣ ಮಾಡಿದರೆ ಒಂದೊಂದಕ್ಕೂ 53 ಮಿ.ಮೀ. ಚಿಲ್ಲರೆ ಸಿಗುತ್ತದೆ, 11 ಪಾಯಿಂಟ್ ಅಕ್ಷರದಲ್ಲಿ ಸಾಲಿಗೆ ಮೂರು ನಾಲ್ಕು ಪದ. ಒಂದು ಉದ್ದ ಪದ ಕೆಳಗಿನ ಸಾಲಿಗೆ ಜಾರಿದರೆ ಉಳಿದ ಪದಗಳ ನಡುವೆ ಹಳ್ಳ ಬೀಳುತ್ತದೆ. ನಾನು ಎರಡು ಸಂಚಿಕೆ ಮೂರು ಅಂಕಣದಲ್ಲಿ ಮಾಡಿ ನೋಡಿ ಬಿಟ್ಟಿದ್ದೇನೆ. ಎ4 ಹಾಳೆಗೆ ಎರಡೇ ಸರಿ.

ಎತ್ತರಕ್ಕೆ ಬರೋಣ. ಮೇಲೆ 20 ಮಿ.ಮೀ., ಕೆಳಗೆ 20 ಮಿ.ಮೀ. ಬಿಟ್ಟರೆ 257 ಮಿ.ಮೀ. ಉಳಿಯುತ್ತದೆ. ಪುಟಸಂಖ್ಯೆಗೆ ಫೂಟರ್ ಹಾಕಿದರೆ ಅದು ಈ 257ರಿಂದಲೇ ಜಾಗ ಕೀಳುತ್ತದೆ. ಹಾಗಾಗಿ ಕೆಳ ಅಂಚನ್ನು 12 ಮಿ.ಮೀ.ಗೆ ಇಳಿಸಿ, ಫೂಟರ್‌ಗೆ 5 ಮಿ.ಮೀ. ಎತ್ತರ, ಅದರ ಮೇಲೆ 3 ಮಿ.ಮೀ. ಅಂತರ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ.

ಅಕ್ಷರಕ್ಕೆ ನೋಟೊ ಸೆರಿಫ್ ಕನ್ನಡ, 11 ಪಾಯಿಂಟ್. ಸಾಲಿನಿಂದ ಸಾಲಿಗೆ 16 ಪಾಯಿಂಟ್. ರೋಮನ್ ಲಿಪಿಗೆ 13 ಸಾಕಾಗಬಹುದು, ನಮಗೆ ಸಾಲದು. ಮೇಲಿನ ಸಾಲಿನ ಒತ್ತಕ್ಷರ ಇಳಿದು ಬರುತ್ತದೆ, ಕೆಳಗಿನ ಸಾಲಿನ ಗುಡಿಸು, ಏತ್ವ ಮೇಲೇರುತ್ತವೆ. ಎರಡೂ ಒಂದನ್ನೊಂದು ಮುಟ್ಟಬಾರದು. ‘ರಾಷ್ಟ್ರೀಯ’ ಎಂಬ ಪದದ ಕೆಳಗೆ ‘ಶ್ರೀ’ ಬರುವಂತೆ ಎರಡು ಸಾಲು ಟೈಪ್ ಮಾಡಿ ಮುದ್ರಿಸಿ ನೋಡಿ. ಅಲ್ಲಿ ತಾಗದಿದ್ದರೆ ಮತ್ತೆಲ್ಲೂ ತಾಗುವುದಿಲ್ಲ.

257 ಮಿ.ಮೀ. ಎಂದರೆ ಸುಮಾರು 728 ಪಾಯಿಂಟ್. 16ರಿಂದ ಭಾಗಿಸಿದರೆ 45 ಸಾಲು, ಕೆಳಗೆ ಚೂರು ಜಾಗ ಉಳಿಯುತ್ತದೆ. ಈ 45 ಎಂಬ ಅಂಕಿಯನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿಕೊಳ್ಳಿ. ಇನ್ನು ಮುಂದಿನ ಲೆಕ್ಕವೆಲ್ಲ ಮಿ.ಮೀ.ನಲ್ಲಿ ಅಲ್ಲ, ಸಾಲಿನಲ್ಲಿ. ಪುಟದಲ್ಲಿ ಇಡುವ ಪ್ರತಿಯೊಂದೂ, ತಲೆಬರಹವಾಗಲಿ ಚಿತ್ರವಾಗಲಿ, ಪೂರ್ಣ ಸಾಲುಗಳಲ್ಲಿ ಅಳೆಯುವಂತಿರಬೇಕು.

ಶೈಲಿಗಳು

F11 ಒತ್ತಿದರೆ ಶೈಲಿಗಳ ಪಟ್ಟಿ ತೆರೆಯುತ್ತದೆ. ಅದಕ್ಕೂ ಮೊದಲು Tools > Options ಒಳಗಿನ ಭಾಷೆಯ ವಿಭಾಗದಲ್ಲಿ Complex text layout ಎದುರು Kannada ಆರಿಸಿ. ಕನ್ನಡಕ್ಕೆ ರೈಟರ್ ಪ್ರತ್ಯೇಕ ಫಾಂಟ್ ಮತ್ತು ಗಾತ್ರ ಇಟ್ಟುಕೊಳ್ಳುತ್ತದೆ. ಶೈಲಿಯಲ್ಲಿ ರೋಮನ್ ಅಕ್ಷರದ ಗಾತ್ರ ಬದಲಿಸಿ ‘ಕನ್ನಡ ಯಾಕೆ ಬದಲಾಗಲಿಲ್ಲ’ ಎಂದು ತಲೆ ಕೆರೆದುಕೊಳ್ಳುವವರನ್ನು ತುಂಬಾ ನೋಡಿದ್ದೇನೆ. ಎರಡೂ ಕಡೆ ಫಾಂಟ್ ಮತ್ತು ಗಾತ್ರವನ್ನು ತುಂಬಿ.

ನಾಲ್ಕು ಪ್ಯಾರಾ ಶೈಲಿ ಸಾಕು. ‘ಒಡಲು’ ಎಂಬುದು ಲೇಖನದ ಪಠ್ಯಕ್ಕೆ: 11 ಪಾಯಿಂಟ್, Line Spacing ಎದುರು Fixed 16 ಪಾಯಿಂಟ್, ಮೊದಲ ಸಾಲು 5 ಮಿ.ಮೀ. ಒಳಕ್ಕೆ, ಪ್ಯಾರಾಗಳ ನಡುವಿನ ಅಂತರ ಸೊನ್ನೆ. ಪ್ಯಾರಾ ನಡುವೆ ಅರ್ಧ ಸಾಲು ಬಿಡುವ ಅಭ್ಯಾಸ ಇರುವವರು ಇಲ್ಲಿ ಅದನ್ನು ಬಿಡಲೇಬೇಕು. ಎಡ ಅಂಕಣದಲ್ಲಿ ಮೂರು ಪ್ಯಾರಾ, ಬಲದಲ್ಲಿ ನಾಲ್ಕು ಪ್ಯಾರಾ ಇದ್ದರೆ ಅರ್ಧ ಸಾಲಿನ ವ್ಯತ್ಯಾಸ ಉಳಿದು, ಎಷ್ಟು ಸರ್ಕಸ್ ಮಾಡಿದರೂ ಎರಡರ ತಳ ಒಂದಾಗುವುದಿಲ್ಲ.

‘ತಲೆಬರಹ’ ಶೈಲಿಗೆ 24 ಪಾಯಿಂಟ್ ದಪ್ಪ ಅಕ್ಷರ, ಸಾಲಿನ ಎತ್ತರ Fixed 32 ಪಾಯಿಂಟ್, ಮೇಲೆ 16, ಕೆಳಗೆ 16. ಒಟ್ಟು 64 ಪಾಯಿಂಟ್, ಅಂದರೆ ಸರಿಯಾಗಿ ನಾಲ್ಕು ಸಾಲು. ಪುಟದ ತಲೆಯಲ್ಲಿ ಬರುವ ತಲೆಬರಹಕ್ಕೆ ಮೇಲಿನ ಅಂತರ ಬೇಡ. ಅದಕ್ಕೆ ‘ತಲೆಬರಹ-ಮೇಲೆ’ ಎಂದು ಇನ್ನೊಂದು ಶೈಲಿ, ಮೇಲೆ ಸೊನ್ನೆ, ಉಳಿದದ್ದೆಲ್ಲ ಅದೇ. ಅದು ಮೂರು ಸಾಲು. ಲೇಖನದೊಳಗಿನ ‘ಉಪಶೀರ್ಷಿಕೆ’ಗೆ 11 ಪಾಯಿಂಟ್ ದಪ್ಪ, ಸಾಲು 16, ಮೇಲೆ 16, ಕೆಳಗೆ ಸೊನ್ನೆ. ಅದು ಎರಡು ಸಾಲು.

ತಲೆಬರಹ ಎರಡು ಸಾಲಿಗೆ ಮುರಿದರೆ ಇನ್ನೆರಡು ಸಾಲು ಸೇರಿಸಿ ಎಣಿಸಿ. ಆದರೆ ಎರಡನೇ ಸಾಲಿನಲ್ಲಿ ಒಂದೇ ಪದ ಉಳಿದಿದ್ದರೆ ತಲೆಬರಹವನ್ನೇ ಚಿಕ್ಕದು ಮಾಡಿ. ಅಕ್ಷರದ ಗಾತ್ರ ಇಳಿಸಿ ಹೊಂದಿಸಿದರೆ ಆ ಒಂದು ತಲೆಬರಹ ಮಾತ್ರ ಸಣಕಲಾಗಿ ಕಾಣುತ್ತದೆ.

ಪುಟ ಒಂದೇ ಅಂಕಣ, ಲೇಖನ ಎರಡು ಅಂಕಣ

ಬಹಳ ಮಂದಿ ಎಡವುವುದು ಇಲ್ಲಿ. ಪುಟದ ಶೈಲಿಯಲ್ಲೇ ಎರಡು ಅಂಕಣ ಮಾಡಿಬಿಡುತ್ತಾರೆ. ಆಮೇಲೆ ತಲೆಬರಹ ಒಂದು ಅಂಕಣದೊಳಗೇ ಸಿಕ್ಕಿಕೊಳ್ಳುತ್ತದೆ. ಅದನ್ನು ಅಗಲಿಸಲು ಟೆಕ್ಸ್ಟ್ ಬಾಕ್ಸ್ ಬರೆದು ಮೇಲೆ ತೇಲಿಬಿಡುತ್ತಾರೆ. ಲೇಖನದಲ್ಲಿ ಒಂದು ಸಾಲು ಕಡಿಮೆಯಾದರೆ ಪಠ್ಯ ಮೇಲೆ ಸರಿಯುತ್ತದೆ, ಬಾಕ್ಸ್ ಇದ್ದಲ್ಲೇ ಇರುತ್ತದೆ.

ದಾರಿ ಇದರ ತಿರುಗುಮುರುಗು. ಪುಟ ಒಂದೇ ಅಂಕಣದ್ದಾಗಿರಲಿ. ತಲೆಬರಹ ಪುಟದ ಸಾಮಾನ್ಯ ಪ್ಯಾರಾ ಆಗಿರಲಿ, ಆಗ ಅದು ತಾನಾಗಿಯೇ ಪೂರ್ತಿ ಅಗಲಕ್ಕೆ ಹರಡುತ್ತದೆ. ಅದರ ಕೆಳಗಿನ ಲೇಖನದ ಪಠ್ಯವನ್ನು ಮಾತ್ರ ಆಯ್ದುಕೊಂಡು Insert > Section ಒತ್ತಿ. ಲೇಖನದ ಹೆಸರನ್ನೇ ಸೆಕ್ಷನ್‌ಗೆ ಇಡಿ. Columns ಹಾಳೆಯಲ್ಲಿ 2 ಎಂದು ತುಂಬಿ, Spacing 8 ಮಿ.ಮೀ. ಕೊಡಿ, Evenly distribute contents to all columns ಎಂಬುದಕ್ಕೆ ಗುರುತು ಹಾಕಿ.

ಆ ಗುರುತಿನಲ್ಲೇ ಇಡೀ ಕೆಲಸದ ಜೀವ ಇದೆ. ಅದು ಇಲ್ಲದಿದ್ದರೆ ಪಠ್ಯ ಮೊದಲು ಎಡ ಅಂಕಣವನ್ನು ಪುಟದ ತಳದವರೆಗೆ ತುಂಬಿ, ಮಿಕ್ಕಿದ್ದು ಮಾತ್ರ ಬಲಕ್ಕೆ ಹೋಗುತ್ತದೆ. ಗುರುತು ಇದ್ದರೆ ಎರಡು ಅಂಕಣಕ್ಕೂ ಪಠ್ಯ ಸಮನಾಗಿ ಹಂಚಿಕೆಯಾಗಿ, ಅವು ಮುಗಿದಲ್ಲೇ ಮುಂದಿನ ತಲೆಬರಹ ಬಂದು ಕೂರುತ್ತದೆ. ಲೇಖನ ಮುಂದಿನ ಪುಟಕ್ಕೆ ಹರಿದರೆ ಮೊದಲ ಪುಟದಲ್ಲಿ ಎರಡೂ ಅಂಕಣ ತಳದವರೆಗೆ ತುಂಬಿ, ಕೊನೆಯ ಪುಟದಲ್ಲಿ ಉಳಿದದ್ದು ಸಮ ಹಂಚಿಕೆಯಾಗುತ್ತದೆ.

ಒಂದು ಚಿಕ್ಕ ತೊಡಕಿದೆ. ಕಡತದ ಕೊನೆಯಲ್ಲಿ ಸೆಕ್ಷನ್ ಇದ್ದರೆ ಅದರ ಹೊರಗೆ ಕರ್ಸರ್ ಇಡಲು ಜಾಗವೇ ಸಿಗುವುದಿಲ್ಲ. ಎಂಟರ್ ಒತ್ತಿದಷ್ಟೂ ಸೆಕ್ಷನ್ ಒಳಗೇ ಸಾಲು ಬೆಳೆಯುತ್ತದೆ. ಕೊನೆಯ ಅಕ್ಷರದ ಮುಂದೆ ಕರ್ಸರ್ ಇಟ್ಟು Alt+Enter ಒತ್ತಿ, ಹೊರಗೆ ಹೊಸ ಪ್ಯಾರಾ ಹುಟ್ಟುತ್ತದೆ. ಮುಂದೆ ಸೆಕ್ಷನ್ ತಿದ್ದಬೇಕಾದರೆ Format > Sections ತೆರೆದು, ಹೆಸರು ಆರಿಸಿ Options ಒತ್ತಿ.

ಈ ವಿಧಾನಕ್ಕೆ ಒಂದು ಮಿತಿ ಇದೆ. ಮೂರು ಅಂಕಣದ ಪುಟದಲ್ಲಿ ಎರಡೇ ಅಂಕಣಕ್ಕೆ ಹರಡುವ ತಲೆಬರಹ, ದಿನಪತ್ರಿಕೆಯಲ್ಲಿ ಕಾಣುವಂಥದ್ದು, ಇದರಲ್ಲಿ ಆಗುವುದಿಲ್ಲ. ಅದು ಬೇಕೆಂದರೆ ಸ್ಕ್ರೈಬಸ್‌ನಂಥ ಪುಟವಿನ್ಯಾಸದ ತಂತ್ರಾಂಶಕ್ಕೆ ಹೋಗಬೇಕು.

ಚಿತ್ರ ಇಡುವುದು

84 ಮಿ.ಮೀ. ಅಗಲದ ಅಂಕಣಕ್ಕೆ 56 ಮಿ.ಮೀ. ಎತ್ತರದ ಚಿತ್ರ ಕ್ಯಾಮೆರಾದ ಮೂರಕ್ಕೆ ಎರಡರ ಪ್ರಮಾಣಕ್ಕೆ ಸರಿಹೊಂದುತ್ತದೆ. ಹತ್ತು ಸಾಲಿನ ಎತ್ತರವೂ 56.4 ಮಿ.ಮೀ. ಆದರೆ ಚಿತ್ರದ ಕೆಳಗೆ ಅಕ್ಷರದ ತಳಕ್ಕೆಂದು ರೈಟರ್ ಕೊಂಚ ಜಾಗ ಸೇರಿಸುವುದರಿಂದ ಚಿತ್ರವನ್ನು 54 ಮಿ.ಮೀ.ಗೆ ಕತ್ತರಿಸಿಕೊಳ್ಳುತ್ತೇನೆ. ಚಿತ್ರವನ್ನು ಅದರದೇ ಪ್ಯಾರಾದಲ್ಲಿ As Character ಎಂದು ಲಂಗರು ಹಾಕಿ. ಆ ಪ್ಯಾರಾಗೆ ‘ಒಡಲು’ ಶೈಲಿ ಇರಬಾರದು. ಸಾಲಿನ ಎತ್ತರ 16 ಪಾಯಿಂಟ್ ಎಂದು ಬಿಗಿ ಮಾಡಿರುವುದರಿಂದ ಚಿತ್ರದ ಒಂದು ಪಟ್ಟಿ ಮಾತ್ರ ಕಂಡು ಉಳಿದದ್ದು ಮರೆಯಾಗುತ್ತದೆ. ‘ಚಿತ್ರ’ ಎಂಬ ಇನ್ನೊಂದು ಶೈಲಿ ಮಾಡಿ, ಅದಕ್ಕೆ ಮಾತ್ರ Single ಕೊಡಿ.

ಚಿತ್ರದ ಕೆಳಗಿನ ಸಾಲುಗಳು ಪಕ್ಕದ ಅಂಕಣದ ಸಾಲುಗಳಿಗೆ ಸಮನಾಗಿ ಬರಲು Format > Page Style ಒಳಗೆ Use page line-spacing ಗುರುತು ಹಾಕಿ, ‘ಒಡಲು’ ಶೈಲಿಯನ್ನು ಆಧಾರವಾಗಿ ಕೊಡಿ. ಹಳೆಯ ಆವೃತ್ತಿಗಳಲ್ಲಿ ಇದರ ಹೆಸರು Register-true. ಚಿತ್ರವನ್ನು ಲೇಖನದ ಮೊದಲ ಒಂದೆರಡು ಪ್ಯಾರಾದ ಬಳಿಯೇ ಇಡುವುದು ನನ್ನ ರೂಢಿ. ಚಿತ್ರವನ್ನು ಅರ್ಧಕ್ಕೆ ಒಡೆಯಲಾಗದು. ಲೇಖನದ ನಟ್ಟನಡುವೆ ಇದ್ದರೆ ಅಂಕಣ ಮುರಿಯಬೇಕಾದ ಜಾಗದಲ್ಲೇ ಅಡ್ಡ ಬಂದು, ಎರಡು ಅಂಕಣಗಳ ನಡುವೆ ಹತ್ತು ಸಾಲಿನ ಏರುಪೇರು ತರುತ್ತದೆ.

ಒಂದು ಪುಟವನ್ನು ಕಟ್ಟಿ ನೋಡೋಣ

ಲೇಖನಗಳೆಲ್ಲ ಸೆಕ್ಷನ್‌ಗೆ ಬಂದ ಮೇಲೆ Tools > Line Numbering ತೆರೆದು ಸಾಲು ಸಂಖ್ಯೆ ತೋರಿಸುವಂತೆ ಮಾಡಿಕೊಳ್ಳಿ. ಮುದ್ರಣಕ್ಕೆ ಮೊದಲು ತೆಗೆದರಾಯಿತು. ಚಿತ್ರದ ಪ್ಯಾರಾ ಎಣಿಕೆಯಲ್ಲಿ ಒಂದೇ ಸಾಲು, ಜಾಗದಲ್ಲಿ ಹತ್ತು. ಉಪಶೀರ್ಷಿಕೆ ಎಣಿಕೆಯಲ್ಲಿ ಒಂದು, ಜಾಗದಲ್ಲಿ ಎರಡು. ಇದನ್ನು ಕೈಯಲ್ಲೇ ಕೂಡಿಕೊಳ್ಳಬೇಕು.

ನಮ್ಮ ಒಂದು ಸಂಚಿಕೆಯ ಎರಡನೇ ಪುಟಕ್ಕೆ ಮಳೆನೀರಿನ ತೊಟ್ಟಿಯ ಲೇಖನ, ಅದರ ಕೆಳಗೆ ಬೇಸಿಗೆ ಶಿಬಿರದ ವರದಿ ಎಂದು ಯೋಚಿಸಿದ್ದೆ. ತೊಟ್ಟಿಯ ಲೇಖನ ಎಣಿಕೆಯಲ್ಲಿ 45 ಸಾಲು, ಅದರಲ್ಲಿ ಒಂದು ಚಿತ್ರ. ಹಾಗಾಗಿ ಜಾಗದ ಲೆಕ್ಕದಲ್ಲಿ 54. ಎರಡು ಅಂಕಣಕ್ಕೆ ಹಂಚಿದರೆ 27. ಪುಟದ ತಲೆಯ ತಲೆಬರಹ 3 ಸೇರಿ 30. ಎರಡನೇ ತಲೆಬರಹಕ್ಕೆ 4 ಸೇರಿ 34. ಪುಟದ 45ರಲ್ಲಿ ಉಳಿದದ್ದು 11 ಸಾಲು, ಎರಡು ಅಂಕಣದಲ್ಲಿ 22.

ಶಿಬಿರದ ವರದಿ 31 ಸಾಲು. 22 ಇಲ್ಲಿ ಹಿಡಿದು, 9 ಮುಂದಿನ ಪುಟಕ್ಕೆ ಹೋಗುತ್ತದೆ. ಅಲ್ಲಿ ಎಡಕ್ಕೆ ಐದು, ಬಲಕ್ಕೆ ನಾಲ್ಕು ಸಾಲಿನ ಬಾಲ ಪುಟದ ತಲೆಯ ಮೇಲೆ ನೇತಾಡುತ್ತದೆ. ಅದನ್ನು ಹಾಗೇ ಬಿಡಲಾರೆ. ಒಂಬತ್ತು ಸಾಲು ಎಂದರೆ ಐವತ್ತರ ಹತ್ತಿರ ಪದಗಳು, ಮಕ್ಕಳ ಹೆಸರುಗಳೇ ಹೋಗಬೇಕಾಗುತ್ತದೆ. ಅದೂ ಆಗದು. ಸಾಲಿನ ಅಂತರವನ್ನು 15.5ಕ್ಕೆ ಇಳಿಸೋಣ ಎಂದು ಮನಸ್ಸು ಎಳೆಯುತ್ತದೆ. ಬೇಡ. ಪುಟ ತಿರುವಿದ ತಕ್ಷಣ ಒಂದು ಪುಟ ದಟ್ಟ, ಇನ್ನೊಂದು ತೆಳು ಎಂದು ಕಣ್ಣಿಗೆ ಗೊತ್ತಾಗಿಬಿಡುತ್ತದೆ.

ಬದಲಿಗೆ ಲೇಖನಗಳನ್ನು ಅದಲುಬದಲು ಮಾಡಿದೆ. ಹೊಸ ಪುಸ್ತಕಗಳ ಪರಿಚಯ 23 ಸಾಲು ಇತ್ತು. ಅದನ್ನು ಇಲ್ಲಿಗೆ ತಂದರೆ ಒಂದೇ ಸಾಲು ಹೆಚ್ಚು. ಸ್ಥಳ ಬದಲಿಸುವಾಗ ತಲೆಬರಹದಿಂದ ಹಿಡಿದು ಮುಂದಿನ ತಲೆಬರಹದ ಆರಂಭದವರೆಗೆ ಆಯ್ದು ಕತ್ತರಿಸಿ, ಬೇಕಾದ ತಲೆಬರಹದ ಮೇಲೆ ಅಂಟಿಸಿ. ಆಗ ಸೆಕ್ಷನ್ ಇಡಿಯಾಗಿ ಜೊತೆಗೆ ಬರುತ್ತದೆ. ಪಠ್ಯವನ್ನಷ್ಟೇ ಆಯ್ದರೆ ಖಾಲಿ ಸೆಕ್ಷನ್ ಹಿಂದೆಯೇ ಉಳಿಯುತ್ತದೆ.

ಒಂದು ಸಾಲು ಕಳೆಯುವುದು ಕಷ್ಟವಲ್ಲ. ಕೊನೆಯ ಸಾಲಿನಲ್ಲಿ ಒಂದೇ ಪದ ಇರುವ ಪ್ಯಾರಾ ಹುಡುಕಿ. ಪುಸ್ತಕ ಪರಿಚಯದಲ್ಲಿ ‘ಇದೆ’ ಎಂಬ ಒಂದೇ ಪದ ಒಂದು ಸಾಲನ್ನು ತಿಂದುಕೊಂಡು ಕುಳಿತಿತ್ತು. ಅದೇ ಪ್ಯಾರಾದ ಮೇಲಿನ ಸಾಲೊಂದರಲ್ಲಿ ‘ವಾಚನಾಲಯದಲ್ಲಿ’ ಎಂಬ ಉದ್ದ ಪದ ಪೂರ್ತಿ ಕೆಳಗಿಳಿದು, ಮೇಲೆ ದೊಡ್ಡ ತೆರಪು ಬಿಟ್ಟಿತ್ತು. ‘ವಾಚನಾಲಯ’ದ ಮುಂದೆ ಕರ್ಸರ್ ಇಟ್ಟು Ctrl ಜೊತೆ ಮೈನಸ್ ಕೀಲಿ ಒತ್ತಿದೆ. ಪದ ಅಗತ್ಯ ಬಿದ್ದರೆ ಮಾತ್ರ ಅಲ್ಲಿ ಒಡೆಯಬಹುದು ಎಂಬ ಗುರುತು ಅದು, ಸಾಲಿನ ಕೊನೆಯಲ್ಲಿ ಬಿದ್ದಾಗ ಮಾತ್ರ ಅಡ್ಡಗೆರೆ ಕಾಣುತ್ತದೆ. ‘ವಾಚನಾಲಯ-’ ಮೇಲಿನ ಸಾಲಿಗೆ ಏರಿತು, ‘ದಲ್ಲಿ’ ಕೆಳಗೆ ಉಳಿಯಿತು, ಕೊನೆಯ ‘ಇದೆ’ ಮೇಲಕ್ಕೆ ಸೇರಿಕೊಂಡಿತು. 22 ಸಾಲು. ಪದವನ್ನು ಒಡೆಯುವಾಗ ಪ್ರತ್ಯಯ ಸೇರುವ ಜಾಗವನ್ನೇ ಆರಿಸಿ, ಓದು ಮುಗ್ಗರಿಸುವುದಿಲ್ಲ. ಒತ್ತಕ್ಷರದ ನಡುವೆ ಮಾತ್ರ ಎಂದೂ ಗುರುತು ಹಾಕಬೇಡಿ. ಇಂಥ ಗುರುತು ಸಿಗದಿದ್ದರೆ ಬರೆದವರಿಗೆ ಫೋನ್ ಮಾಡಿ ಒಂದು ಪದ ಕಡಿಮೆ ಮಾಡಿಸಿಕೊಳ್ಳುತ್ತೇನೆ. ಅವರನ್ನು ಕೇಳದೆ ಕತ್ತರಿ ಆಡಿಸುವುದಿಲ್ಲ.

ಲೆಕ್ಕ ಸರಿಯಿದ್ದರೂ ಪುಟ ಸೇರದಿದ್ದರೆ

ಇಷ್ಟಾದರೂ ಪುಸ್ತಕ ಪರಿಚಯದ ಕೊನೆಯ ಎರಡು ಸಾಲು ಮುಂದಿನ ಪುಟಕ್ಕೆ ಜಿಗಿದವು. ಕಾಗದದ ಮೇಲೆ ಲೆಕ್ಕ ಸರಿ, ಪರದೆಯ ಮೇಲೆ ತಪ್ಪು. ಇಂಥ ಹೊತ್ತಿನಲ್ಲಿ ಕೊನೆಯ ಲೇಖನವನ್ನು ತಿದ್ದಲು ಹೋಗಬೇಡಿ, ಮೇಲಿನಿಂದ ಪ್ರತಿ ಸೆಕ್ಷನ್‌ನ ಎರಡು ಅಂಕಣ ಎಣಿಸುತ್ತ ಬನ್ನಿ. ತೊಟ್ಟಿಯ ಲೇಖನ 27-27 ಇರಬೇಕಾದ್ದು ಎಡಕ್ಕೆ 26, ಬಲಕ್ಕೆ 28 ಆಗಿತ್ತು. ಸೆಕ್ಷನ್ ಒಂದು ಸಾಲು ಎತ್ತರವಾಗಿ, ಕೆಳಗಿನದಕ್ಕೆ 22ರ ಬದಲು 20 ಸಾಲಿನ ಜಾಗ ಉಳಿದಿತ್ತು.

ಬಲ ಅಂಕಣ ಎಡಕ್ಕಿಂತ ಉದ್ದವಾಗಿದ್ದರೆ ಕಾರಣ ಹೆಚ್ಚಿನ ಸಲ ಒಂದೇ. ಪ್ಯಾರಾದ ಮೊದಲ ಸಾಲು ಒಂಟಿಯಾಗಿ ಅಂಕಣದ ತಳದಲ್ಲಿ, ಅಥವಾ ಕೊನೆಯ ಸಾಲು ಒಂಟಿಯಾಗಿ ಅಂಕಣದ ತಲೆಯಲ್ಲಿ ನಿಲ್ಲದಂತೆ ಕಾಯುವ ಆಯ್ಕೆ ಪ್ಯಾರಾದ Text Flow ಹಾಳೆಯಲ್ಲಿದೆ. ಎರಡೂ ಕಡೆ ಎರಡೆರಡು ಸಾಲು ಎಂದು ಹೇಳಿದ್ದರೆ ಮೂರು ಸಾಲಿನ ಪ್ಯಾರಾವನ್ನು ಒಡೆಯಲು ಸಾಧ್ಯವೇ ಇಲ್ಲ, ಕನಿಷ್ಠ ನಾಲ್ಕು ಬೇಕು. ನನ್ನ ಲೇಖನದಲ್ಲಿ 27ನೇ ಸಾಲು ಸರಿಯಾಗಿ ಒಂದು ಮೂರು ಸಾಲಿನ ಪ್ಯಾರಾದ ಮೊದಲ ಸಾಲಾಗಿತ್ತು. ಒಡೆಯಲಾಗದೆ ಇಡೀ ಪ್ಯಾರಾ ಬಲಕ್ಕೆ ಹೋಗಿತ್ತು.

ಆ ಒಂದು ಪ್ಯಾರಾಗೆ ಮಾತ್ರ ಕಾವಲನ್ನು ತೆಗೆದೆ. ಒಂದು ಸಾಲು ಎಡದ ತಳದಲ್ಲಿ ನಿಂತಿತು, ಎರಡು ಸಾಲು ಬಲಕ್ಕೆ ಹೋದವು. 27-27. ಪುಸ್ತಕ ಪರಿಚಯ ತನ್ನ 11-11ಕ್ಕೆ ಮರಳಿ ಪುಟ 45ನೇ ಸಾಲಿಗೆ ಸರಿಯಾಗಿ ಮುಗಿಯಿತು. ಅಂಕಣದ ತಳದಲ್ಲಿ ಪ್ಯಾರಾದ ಮೊದಲ ಸಾಲು ಒಂಟಿಯಾಗುವುದನ್ನು ನಾನು ಒಪ್ಪುತ್ತೇನೆ. ತುಂಬಿದ ಸಾಲು ಅದು, ಅಂಕಣದ ಆಕಾರ ಕೆಡುವುದಿಲ್ಲ. ಪ್ಯಾರಾದ ಕೊನೆಯ ತುಂಡು ಸಾಲು ಬಲ ಅಂಕಣದ ತಲೆಯಲ್ಲಿ ಒಂಟಿಯಾಗುವುದನ್ನು ಒಪ್ಪುವುದಿಲ್ಲ. ಅದು ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ. ಹಾಗಾದಾಗ ಮೇಲಿನ ಪ್ಯಾರಾದಲ್ಲಿ ಒಂದು ಸಾಲು ಕಳೆದು ಅಥವಾ ಬೆಳೆಸಿ ಸರಿಮಾಡಬೇಕು.

ಸಾಲುಗಳ ಮೊತ್ತ ಬೆಸವಾಗಿದ್ದರೆ ಒಂದು ಅಂಕಣದಲ್ಲಿ ಒಂದು ಸಾಲು ಕಡಿಮೆಯಾಗಲೇಬೇಕು. ಅದು ಬಲದಲ್ಲಿರಲಿ. ಓದು ಅಲ್ಲಿಗೆ ಮುಗಿಯುತ್ತದೆ, ಕೊನೆಯ ತೆರಪು ಸಹಜವಾಗಿಯೇ ಕಾಣುತ್ತದೆ.

ಶಿಬಿರದ ವರದಿ ಮೂರನೇ ಪುಟದ ತಲೆಗೆ ಹೋಯಿತು. 31 ಸಾಲು, ಎಡಕ್ಕೆ 16, ಬಲಕ್ಕೆ 15. ತಲೆಬರಹ 3 ಸೇರಿ 19. ಅದರ ಕೆಳಗೆ ವಾರ್ಷಿಕ ಸಭೆಯ ವರದಿ: ತಲೆಬರಹ 4, 40 ಸಾಲಿಗೆ 20. ಒಟ್ಟು 43, ಎರಡು ಸಾಲು ಉಳಿಯಿತು. ಇದನ್ನು ಹಿಗ್ಗಿಸಿ ಮುಚ್ಚಬಾರದು. ಸೆಕ್ಷನ್ ಹೊರಗೆ, ಪುಟದ ಅಗಲಕ್ಕೆ, ಒಂದು ಸಾಲಿನ ಸೂಚನೆ ಹಾಕಿದೆ: ವಾಚನಾಲಯ ತೆರೆದಿರುವ ಸಮಯ. ಮೇಲೆ ಒಂದು ಸಾಲಿನ ಅಂತರ, ಒಂದು ಸಾಲು ಬರಹ. ಇಂಥ ಒಂದು ಸಾಲು, ಎರಡು ಸಾಲು, ನಾಲ್ಕು ಸಾಲಿನ ಸೂಚನೆಗಳನ್ನು ಪ್ರತಿ ಸಂಚಿಕೆಗೂ ಮೊದಲೇ ಬರೆದಿಟ್ಟುಕೊಂಡಿರುತ್ತೇನೆ: ಪುಸ್ತಕ ಹಿಂದಿರುಗಿಸುವ ಗಡುವು, ಮುಂದಿನ ಸಂಚಿಕೆಗೆ ಲೇಖನ ಕಳುಹಿಸುವ ಕೊನೆಯ ದಿನ, ಹೀಗೆ.

ತಲೆಬರಹ ಪುಟದ ತಳದಲ್ಲಿ ಒಂಟಿಯಾಗದಿರಲು Keep with next paragraph ಎಂಬ ಆಯ್ಕೆ ಇದೆ, ಹಾಕಿಡಿ. ಆದರೆ ಮುಂದೆ ಸೆಕ್ಷನ್ ಇರುವಾಗ ಅದನ್ನೇ ನಂಬಿ ಕೂರಬೇಡಿ, ಕಣ್ಣಿನಿಂದ ನೋಡಿ. ತಲೆಬರಹದ ಕೆಳಗೆ ಐದು ಸಾಲಿಗಿಂತ ಕಡಿಮೆ ಜಾಗ ಉಳಿದಿದ್ದರೆ ಆ ಲೇಖನವನ್ನು ಮುಂದಿನ ಪುಟಕ್ಕೆ ದೂಡಿ, ಇಲ್ಲಿ ಚಿಕ್ಕದೊಂದನ್ನು ತನ್ನಿ. ಅಂಕಣವನ್ನು ಬೇಕಾದಲ್ಲಿ ಮುರಿಯಲು Ctrl+Shift+Enter ಇದೆ ನಿಜ. ಅದನ್ನು ಎಲ್ಲ ತಿದ್ದುಪಡಿ ಮುಗಿದ ಮೇಲೆ, ಬೇರೆ ದಾರಿಯೇ ಇಲ್ಲದಿದ್ದರೆ ಬಳಸಿ. ಮೊದಲೇ ಹಾಕಿಬಿಟ್ಟರೆ, ಬರೆದವರು ಕೊನೆಗಳಿಗೆಯಲ್ಲಿ ಒಂದು ವಾಕ್ಯ ಸೇರಿಸಿದಾಗ ಸಮ ಹಂಚಿಕೆ ಕೆಡುತ್ತದೆ, ಯಾಕೆ ಕೆಟ್ಟಿತು ಎಂದು ಹುಡುಕುವುದರಲ್ಲಿ ಸಂಜೆ ಕಳೆಯುತ್ತದೆ.

ಪ್ರೆಸ್‌ಗೆ ಕೊಡುವ ಮುನ್ನ

ಸಾಲು ಸಂಖ್ಯೆ ತೆಗೆಯಿರಿ. File > Export As > Export as PDF ಮೂಲಕ ಪಿಡಿಎಫ್ ಮಾಡಿ, ಅದನ್ನೇ ಪ್ರೆಸ್‌ಗೆ ಕೊಡಿ. ರೈಟರ್ ಕಡತ ಕೊಟ್ಟರೆ ಅವರ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದೆ ಬೇರೆ ಫಾಂಟ್ ಕುಳಿತು, ನೀವು ಎಣಿಸಿದ ಸಾಲುಗಳೆಲ್ಲ ಸರಿದುಹೋಗುತ್ತವೆ. ಎ3 ಹಾಳೆಯನ್ನು ಮಡಿಸಿ ಮಾಡುವ ಪತ್ರಿಕೆಯಾದರೆ ಪುಟಗಳು ನಾಲ್ಕರ ಗುಣಕದಲ್ಲಿರಬೇಕು.

ಮೊದಲು ಮನೆಯ ಪ್ರಿಂಟರಿನಲ್ಲಿ ಒಂದು ಪ್ರತಿ ತೆಗೆದು, ಎರಡು ಅಂಕಣಗಳ ಮೇಲೂ ಅಡ್ಡಲಾಗಿ ಸ್ಕೇಲ್ ಇಟ್ಟು ನೋಡಿ. ಎಡದ ಸಾಲು ಮತ್ತು ಬಲದ ಸಾಲು ಒಂದೇ ಗೆರೆಯ ಮೇಲೆ ಇರಬೇಕು. ಚಿತ್ರದ ಕೆಳಗಿನ ಸಾಲು, ಉಪಶೀರ್ಷಿಕೆಯ ಕೆಳಗಿನ ಸಾಲು, ಪುಟದ ಕೊನೆಯ ಸಾಲು, ಈ ಮೂರು ಕಡೆ ಇಟ್ಟು ನೋಡಿದರೆ ಸಾಕು. ಆಮೇಲೆ ಪ್ರತಿಯನ್ನು ಪುಟ ಕಟ್ಟುವುದನ್ನು ನೋಡಿರದ ಯಾರಾದರೊಬ್ಬರ ಕೈಗೆ ಕೊಟ್ಟು, ಗಟ್ಟಿಯಾಗಿ ಓದಲು ಹೇಳಿ. ಎಡ ಅಂಕಣದ ತಳಕ್ಕೆ ಬಂದಾಗ ಅವರು ತಡವರಿಸದೆ ಬಲ ಅಂಕಣದ ತಲೆಗೆ ಹೋದರೆ ಆ ಪುಟವನ್ನು ಪ್ರೆಸ್‌ಗೆ ಕಳುಹಿಸಬಹುದು.